ಬೋರ್ಡಿನ ಮೇಲೊಂದು ಹೆಸರು, ಸ್ಟೇಟ್‌ಮೆಂಟಿನಲ್ಲಿ ಇನ್ನೊಂದು

ಅಂಕಲಿಯಲ್ಲಿ ಕೂತು ಅಂಗಡಿಕಾರರ ಲೆಕ್ಕ ಬರೆಯುವುದು, ಅವರ ಜಿಎಸ್‌ಟಿ ರಿಟರ್ನ್ ತುಂಬುವುದು ನನ್ನ ಕೆಲಸ. ಆದರೆ ತಿಂಗಳ ಮೊದಲ ವಾರ ನನ್ನ ಟೇಬಲ್ಲಿಗೆ ಬರುವವರಲ್ಲಿ ಅರ್ಧ ಜನಕ್ಕೆ ಅಂಗಡಿಯೇ ಇರುವುದಿಲ್ಲ. ಕಾರ್ಡಿನ ಸ್ಟೇಟ್‌ಮೆಂಟ್ ಹಿಡಿದುಕೊಂಡು, ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ಯಾರ್ರೀ ಇಂವಾ?" ಎಂದು ಕೇಳುತ್ತಾರೆ. ಕೃಷ್ಣಾ ದಂಡೆಯ ನಮ್ಮ ಈ ಭಾಗದಲ್ಲಿ ಆ ಪ್ರಶ್ನೆ ಹೆಚ್ಚು ಏಳಲು ಕಾರಣವೂ ಇದೆ. ದವಾಖಾನೆಗೆ ಮಿರಜ, ಜವಳಿಗೆ ಇಚಲಕರಂಜಿ, ದೊಡ್ಡ ಖರೀದಿಗೆ ಸಾಂಗಲಿ, ಕೊಲ್ಲಾಪುರ ಎಂದು ನಾವು ಗಡಿ ದಾಟುತ್ತಲೇ ಇರುತ್ತೇವೆ. ಪರಿಚಯದ ಅಂಗಡಿಯಲ್ಲಿ ಏರುಪೇರಾದರೆ ಮರುದಿನ ಹೋಗಿ ಕೇಳಬಹುದು, ಒಮ್ಮೆ ಹೋದ ಅಂಗಡಿಯ ಬೋರ್ಡೇ ನೆನಪಿರುವುದಿಲ್ಲ.

ಅಂಥ ಸಾಲುಗಳ ಬೆನ್ನು ಹತ್ತಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಹೆಸರನ್ನು ಕೊನೆಗೆ ಓದಿ

ಸ್ಟೇಟ್‌ಮೆಂಟಿನ ಒಂದು ಸಾಲಿನಲ್ಲಿ ತಾರೀಖು, ಹೆಸರು, ಊರು, ಮೊತ್ತ ಇರುತ್ತವೆ. ಎಲ್ಲರ ಕಣ್ಣು ಮೊದಲು ಹೆಸರಿಗೆ ಹೋಗುತ್ತದೆ. ಈ ನಾಲ್ಕರಲ್ಲಿ ಅತಿ ಕಡಿಮೆ ನಂಬಬೇಕಾದದ್ದು ಅದನ್ನೇ, ಅದರ ನಂತರ ಊರನ್ನು. ಮೊತ್ತ ಮಾತ್ರ ಸುಲಭಕ್ಕೆ ಸುಳ್ಳು ಹೇಳುವುದಿಲ್ಲ.

ಹಾಗಾಗಿ ನಾನು ಮೊದಲು ಮೊಬೈಲಿನ ಮೆಸೇಜ್ ಪೆಟ್ಟಿಗೆಯಲ್ಲಿ ಆ ಮೊತ್ತವನ್ನು ಹುಡುಕಿಸುತ್ತೇನೆ. ಬ್ಯಾಂಕಿನ ಎಸ್‌ಎಂಎಸ್ ಸಿಕ್ಕರೆ ಅದರಲ್ಲಿ ಗಂಟೆ, ನಿಮಿಷ ಇರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಬಹುತೇಕ ಬರೀ ತಾರೀಖು ಇರುತ್ತದೆ, ಅದೂ ಕೆಲವೊಮ್ಮೆ ಬ್ಯಾಂಕಿನ ಪುಸ್ತಕಕ್ಕೆ ಏರಿದ ದಿನದ್ದು, ಖರೀದಿಗಿಂತ ಒಂದೆರಡು ದಿನ ತಡ. "ಆ ದಿನ ನಾ ಮನ್ಯಾಗೇ ಇದ್ದೆ" ಎನ್ನುವವರು ನಿಜವನ್ನೇ ಹೇಳುತ್ತಿರುತ್ತಾರೆ, ಖರೀದಿ ಮಾತ್ರ ಅದರ ಹಿಂದಿನ ದಿನ ಆಗಿರುತ್ತದೆ. "ಸಂಜೆ 6:40" ಎಂದು ಓದಿ ಹೇಳಿದರೆ ಅರ್ಧ ಜನಕ್ಕೆ ಅಲ್ಲೇ ನೆನಪಾಗುತ್ತದೆ.

ಮೊತ್ತವೂ ಬೇರೆಯಾಗಿ ಕಾಣುವ ಒಂದು ಜಾಗವೆಂದರೆ ಪೆಟ್ರೋಲ್ ಪಂಪು. ಹಲವು ಕ್ರೆಡಿಟ್ ಕಾರ್ಡುಗಳಲ್ಲಿ ಸಾವಿರ ರೂಪಾಯಿಯ ಪೆಟ್ರೋಲಿಗೆ ಶೇ. 1 ಸರ್‌ಚಾರ್ಜ್, ಆ ಹತ್ತು ರೂಪಾಯಿಯ ಮೇಲೆ ಶೇ. 18 ಜಿಎಸ್‌ಟಿ ಸೇರಿ 1,011.80 ಬೀಳುತ್ತದೆ. ಆಮೇಲೆ ಹತ್ತು ರೂಪಾಯಿ ವಾಪಸು ಬಂದು ಬೇರೆ ಸಾಲಾಗಿ ಕೂರುತ್ತದೆ. ಪಂಪಿನ ತಲೆಯ ಮೇಲೆ ತೈಲ ಕಂಪನಿಯ ದೊಡ್ಡ ಬೋರ್ಡ್ ಇದ್ದರೂ ಸಾಲಿನಲ್ಲಿ ಬರುವುದು ಡೀಲರನ ಸ್ವಂತ ಫರ್ಮಿನ ಹೆಸರು. ಹೆಸರೂ ಕೂಡುವುದಿಲ್ಲ, ಮೊತ್ತವೂ ಕೂಡುವುದಿಲ್ಲ. ಕೊನೆಗೆ 11 ರೂಪಾಯಿ 80 ಪೈಸೆ ಅಂಟಿಕೊಂಡಿದ್ದರೆ ಮೊದಲು ಪೆಟ್ರೋಲನ್ನೇ ನೆನೆಸಿಕೊಳ್ಳಿ.

2. ಆ ಹೆಸರು ಅಂಗಡಿಯಿಂದ ಬರುವುದಿಲ್ಲ, ಅರ್ಜಿಯಿಂದ ಬರುತ್ತದೆ

ಅಂಗಡಿಕಾರ ಸ್ವೈಪ್ ಮಷೀನ್ ತರಿಸುವಾಗ ಪ್ಯಾನ್, ಕರೆಂಟ್ ಅಕೌಂಟಿನ ರದ್ದು ಮಾಡಿದ ಚೆಕ್, ಜಿಎಸ್‌ಟಿ ಇಲ್ಲವೇ ಉದ್ಯಮ ನೋಂದಣಿಯ ಕಾಗದ ಕೊಡುತ್ತಾನೆ. ಮಷೀನ್ ಕೊಡುವ ಬ್ಯಾಂಕಿನ ಏಜೆಂಟ ಅರ್ಜಿ ತುಂಬುತ್ತಾನೆ. ಗಿರಾಕಿಗೆ ಗುರುತಾಗುವ ವ್ಯಾಪಾರದ ಹೆಸರು ಬರೆಯಲು ಅರ್ಜಿಯಲ್ಲಿ ಬೇರೆ ಜಾಗವೇ ಇರುತ್ತದೆ. ವೀಸಾ, ಮಾಸ್ಟರ್‌ಕಾರ್ಡಿನ ನಿಯಮಗಳೂ ಗಿರಾಕಿ ಗುರುತಿಸುವ ಹೆಸರನ್ನೇ ಕಳಿಸಬೇಕು ಎನ್ನುತ್ತವೆ. ಆದರೆ ಏಜೆಂಟನಿಗೆ ಅವಸರ. ಚೆಕ್ಕಿನ ಮೇಲಿರುವ ಹೆಸರನ್ನೇ ಎರಡೂ ಜಾಗದಲ್ಲಿ ಬರೆದು ಮುಗಿಸುತ್ತಾನೆ. ಅಲ್ಲಿಂದ ಮುಂದೆ ಪ್ರತಿ ವ್ಯವಹಾರಕ್ಕೂ ಆ ಹೆಸರೇ ಓಡುತ್ತದೆ. ನಮ್ಮ ಕಡೆ ಅಪ್ಪನ ಕಾಲದ ಫರ್ಮಿನ ಅಕೌಂಟಿನಲ್ಲೇ ಮಗ ಹೊಸ ಅಂಗಡಿ ನಡೆಸುವುದು ಸಾಮಾನ್ಯ. ರಸಗೊಬ್ಬರದ ಹೆಸರಿನಲ್ಲಿ ಮೊಬೈಲ್ ಖರೀದಿ ಕಂಡರೆ ನನಗೆ ಈಗ ಆಶ್ಚರ್ಯವಾಗುವುದಿಲ್ಲ.

ಆ ಹೆಸರಿಗೆ ಅಳತೆಯೂ ಇದೆ. ವೀಸಾ ಜಾಲದಲ್ಲಿ ಹೆಸರಿಗೆ 25 ಅಕ್ಷರ, ಊರಿಗೆ 13, ದೇಶಕ್ಕೆ 2. ಸಾಲು ಹೀಗೆ ಕೂರುತ್ತದೆ:

```
AVENUE SUPERMARTS LTD    KOLHAPUR     IN
```

ಇದು ಡಿ-ಮಾರ್ಟ್. ಬೋರ್ಡಿನಲ್ಲಿ ಬ್ರಾಂಡು, ಸಾಲಿನಲ್ಲಿ ಕಂಪನಿ. ಇದೇ ಜಾತಿಯವು ಇನ್ನೂ ಇವೆ: `TRENT` ಎಂದರೆ ಜುಡಿಯೊ ಅಥವಾ ವೆಸ್ಟ್‌ಸೈಡ್, `JUBILANT FOODWORKS` ಎಂದರೆ ಡಾಮಿನೋಸ್ ಪಿಜ್ಜಾ, `BIGTREE` ಎಂದರೆ ಸಿನಿಮಾ ಟಿಕೆಟಿನ ಬುಕ್‌ಮೈಶೋ. ಜೊಮ್ಯಾಟೊ ಕಂಪನಿ 2025ರಲ್ಲಿ ಹೆಸರು ಬದಲಿಸಿಕೊಂಡು ಎಟರ್ನಲ್ ಆಯಿತು, ಬ್ರಾಂಡು ಮಾತ್ರ ಹಳೆಯದೇ ಉಳಿಯಿತು. ಕಂಪನಿಗಳದ್ದು ಸುಲಭ. ಹೆಸರನ್ನು ಗೂಗಲ್ಲಿಗೆ ಹಾಕಿದರೆ ಬ್ರಾಂಡು ಸಿಗುತ್ತದೆ. ಕಷ್ಟ ಇರುವುದು ಪೇಟೆಯ ಒಂಟಿ ಅಂಗಡಿಗಳದ್ದು. `ENTERPR`, `TRADIN`, `AND SO` ಎಂದು ಬಾಲ ಕತ್ತರಿಸಿದ ಪದ ಕಂಡರೆ ಅಳತೆ ತುಂಬಿ ಉಳಿದದ್ದು ಬಿದ್ದುಹೋಗಿದೆ ಎಂದು ತಿಳಿಯಿರಿ. ಮೋಸಗಾರರು ಅರ್ಧ ಹೆಸರು ಇಟ್ಟುಕೊಂಡಿದ್ದಾರೆ ಎಂದಲ್ಲ.

3. ಬಿಲ್ಲಿನ ಜಿಎಸ್‌ಟಿ ನಂಬರ್ ಓದಲು ಕಲಿಯಿರಿ

ಪೇಟೆಯ ಅಂಗಡಿ ಪತ್ತೆ ಮಾಡಲು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಒಂದು ಪ್ರಸಂಗವನ್ನು ಪೂರ್ತಿ ಹೇಳುತ್ತೇನೆ. ಅಂಗಡಿಯ ಹೆಸರು ಬೇಡ.

ಮಗಳ ಲಗ್ನ ಮುಗಿಸಿದ ಒಬ್ಬ ನಿವೃತ್ತ ಗುರೂಜಿ 2025ರ ಜೂನಿನಲ್ಲಿ ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ತಂದರು. ಮೇ 14ರ ಸಾಲಿನಲ್ಲಿ 18,640 ರೂಪಾಯಿ. ಎರಡು ಮೊದಲಕ್ಷರ, ಒಂದು ಅಡ್ಡಹೆಸರು, ಅದರ ಮುಂದೆ `ENTERPR`, ಊರು `MUMBAI`.

"ಮುಂಬೈಗೆ ನಾ ಹೋಗೇ ಇಲ್ಲೋ ತಮ್ಮಾ. ಈ ರೊಕ್ಕ ಹ್ಯಾಂಗ ಹೋದೂವು?"

"ಆ ದಿವಸ ಎಲ್ಲಿದ್ರಿ ಗುರೂಜಿ?"

"ಮಿರಜಕ್ಕ ಜವಳಿ ತರಾಕ ಹೋಗಿದ್ವಿ. ಆದ್ರ ಇಷ್ಟು ಮೊತ್ತದ ಬಿಲ್ಲು ಒಂದೂ ಇಲ್ಲ, ನೋಡೀನಿ."

ಇಲ್ಲವೇ ಇಲ್ಲ, ನಿಜ. ಬಿಲ್ಲುಗಳನ್ನು ಜೋಪಾನವಾಗಿ ಪಿನ್ ಹಾಕಿ ತಂದಿದ್ದರು, 18,640 ಎಲ್ಲೂ ಇರಲಿಲ್ಲ. ಮಷೀನಿನ ಚೀಟಿಗಳೂ ಇದ್ದವು, ಆದರೆ ಶಾಖಕ್ಕೆ ಅಕ್ಷರ ಮೂಡುವ ತೆಳು ಕಾಗದವಾದ್ದರಿಂದ ಬೇಸಿಗೆಯ ಪೆಟ್ಟಿಗೆಯಲ್ಲಿ ಅಳಿಸಿ ಬಿಳಿಯಾಗಿದ್ದವು. ಮೊಬೈಲಿನಲ್ಲಿ ಬ್ಯಾಂಕಿನ ಮೆಸೇಜ್ ಹುಡುಕಿದೆ. ಮಧ್ಯಾಹ್ನ ಒಂದೂವರೆ ಸುಮಾರು. ಆ ಹೊತ್ತಿಗೆ ಸೀರೆ ಅಂಗಡಿಯಲ್ಲಿದ್ದೆವು ಎಂದು ಅವರ ಮನೆಯವರು ಫೋನಿನಲ್ಲಿ ಹೇಳಿದರು. ಸೀರೆ ಅಂಗಡಿಯ ಬಿಲ್ಲು ತೆಗೆದೆ: 28,640.

ಕೊನೆಯ ನಾಲ್ಕು ಅಂಕಿ ಅವೇ. ಹತ್ತು ಸಾವಿರ ನಗದು ಕೊಟ್ಟು ಉಳಿದದ್ದಕ್ಕೆ ಕಾರ್ಡ್ ಉಜ್ಜಿರಬೇಕು. ಲಗ್ನದ ಖರೀದಿಯಲ್ಲಿ ಹಾಗೆ ಮಾಡದವರು ಕಡಿಮೆ. ಆದರೆ ಅದು ಬರೀ ಊಹೆ. ಬಿಲ್ಲಿನ ತಲೆಯ ಮೇಲೆ ದೇವಿಯ ಹೆಸರಿನ ಸೀರೆ ಅಂಗಡಿ, ಸಾಲಿನಲ್ಲಿ ಯಾರದೋ ಎಂಟರ್‌ಪ್ರೈಸಸ್. ಎರಡನ್ನೂ ಜೋಡಿಸುವ ಕಾಗದ ಬೇಕಿತ್ತು.

ಬಿಲ್ಲಿನ ಮೇಲೆ 15 ಅಕ್ಷರದ ಜಿಎಸ್‌ಟಿ ನಂಬರ್ ಇತ್ತು. ಮೊದಲೆರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27. ಇದು 27. ಮುಂದಿನ ಹತ್ತು ಅಕ್ಷರ ಮಾಲೀಕನ ಪ್ಯಾನ್. ಪ್ಯಾನಿನ ನಾಲ್ಕನೆಯ ಅಕ್ಷರ, ಅಂದರೆ ಇಡೀ ನಂಬರಿನಲ್ಲಿ ಆರನೆಯದು, ಮಾಲೀಕ ಯಾವ ಬಗೆಯವನು ಎಂದು ಹೇಳುತ್ತದೆ. `P` ಇದ್ದರೆ ಒಬ್ಬ ವ್ಯಕ್ತಿ, `F` ಇದ್ದರೆ ಪಾಲುದಾರಿಕೆಯ ಫರ್ಮು, `C` ಇದ್ದರೆ ಕಂಪನಿ, `H` ಇದ್ದರೆ ಅವಿಭಕ್ತ ಕುಟುಂಬ. ಇಲ್ಲಿ `P` ಇತ್ತು. ವ್ಯಕ್ತಿಯಾದರೆ ಅದರ ಮುಂದಿನ ಅಕ್ಷರ ಅವನ ಅಡ್ಡಹೆಸರಿನ ಮೊದಲಕ್ಷರ. ಸ್ಟೇಟ್‌ಮೆಂಟಿನ ಸಾಲಿನಲ್ಲಿದ್ದ ಅಡ್ಡಹೆಸರೂ ಅದೇ ಅಕ್ಷರದಿಂದ ಶುರುವಾಗುತ್ತಿತ್ತು. ಕಂಪ್ಯೂಟರ್ ಹಚ್ಚುವ ಮೊದಲೇ ಗುರೂಜಿಯವರ ಮುಖ ಸ್ವಲ್ಪ ಸಡಿಲಾಯಿತು.

ಆಮೇಲೆ `services.gst.gov.in` ತೆರೆದು `Search Taxpayer` ಒತ್ತಿ ನಂಬರ್ ಹಾಕಿದೆ. ಇದಕ್ಕೆ ಲಾಗಿನ್ ಬೇಡ, ಪರದೆಯ ಮೇಲಿನ ಅಂಕಿ ನೋಡಿ ಬರೆದರೆ ಸಾಕು, ಯಾರಾದರೂ ನೋಡಬಹುದು. `Legal Name of Business` ಎದುರು ಒಬ್ಬ ವ್ಯಕ್ತಿಯ ಹೆಸರು, `Trade Name` ಎದುರು ಅದೇ ಅಡ್ಡಹೆಸರಿನ ಎಂಟರ್‌ಪ್ರೈಸಸ್, ವಿಳಾಸ ಮಿರಜ ಪೇಟೆಯದು. ಬೋರ್ಡಿನ ಮೇಲಿದ್ದ ದೇವಿಯ ಹೆಸರು ಆ ಪುಟದಲ್ಲಿ ಎಲ್ಲೂ ಇರಲಿಲ್ಲ.

ಇನ್ನು ಉಳಿದದ್ದು ಖಾತ್ರಿ. ಕಾರ್ಡ್ ವ್ಯವಹಾರಕ್ಕೆಲ್ಲ 12 ಅಂಕಿಯ ಒಂದು ಉಲ್ಲೇಖ ಸಂಖ್ಯೆ ಇರುತ್ತದೆ. ಮಷೀನಿನ ಚೀಟಿಯ ಮೇಲೆ `RRN` ಎಂದು ಅಚ್ಚಾಗುವುದು ಅದೇ. ಚೀಟಿ ಅಳಿಸಿದ್ದರಿಂದ ಗುರೂಜಿ ಬ್ಯಾಂಕಿನ ಗ್ರಾಹಕ ಸೇವೆಗೆ ಫೋನ್ ಮಾಡಿ ಅದನ್ನು ಬರೆದುಕೊಂಡರು. ಮೊದಲ ನಾಲ್ಕು ಅಂಕಿ `5134`. ಈ ಸಂಖ್ಯೆಯನ್ನು ಬಹುತೇಕ ವರ್ಷದ ಕೊನೆಯ ಅಂಕಿ, ಆಮೇಲೆ ವರ್ಷದ ಎಷ್ಟನೆಯ ದಿನ ಎಂಬುದರಿಂದ ಶುರು ಮಾಡುತ್ತಾರೆ. 5 ಎಂದರೆ 2025, 134ನೆಯ ದಿನ ಎಂದರೆ ಮೇ 14. ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಹಚ್ಚಿ ಸಂಖ್ಯೆ, ಮೊತ್ತ ಹೇಳಿದೆವು. ಅಂಗಡಿಯವನು ತನ್ನ ಮಷೀನಿನ ಆ ದಿನದ ವರದಿ ತೆಗೆದು, "ಹೌದ್ರೀ, ನಮ್ಮದ ಐತಿ" ಎಂದ. ಮುಂಬೈ ಎಲ್ಲಿಂದ ಬಂತು ಎಂದು ಕೇಳಿದಾಗ, ಮಷೀನ್ ಕೊಟ್ಟವರ ಆಫೀಸು ಅಲ್ಲಿದೆ ಎಂದ.

ಈ ದಾರಿಗೂ ಮಿತಿಯಿದೆ. ಸರಕು ಮಾರುವ ಅಂಗಡಿಯ ವರ್ಷದ ವಹಿವಾಟು 40 ಲಕ್ಷದ ಒಳಗಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆಗ ಬಿಲ್ಲಿನಲ್ಲಿ ನಂಬರೇ ಇರುವುದಿಲ್ಲ. ದವಾಖಾನೆಯೊಳಗಿನ ಔಷಧಿ ಅಂಗಡಿ, ಲ್ಯಾಬು ಬೇರೆಯವರ ಕೈಯಲ್ಲಿದ್ದರೆ ದವಾಖಾನೆಯ ನಂಬರ್ ಹುಡುಕಿ ಪ್ರಯೋಜನವಿಲ್ಲ, ಔಷಧಿಯ ಬಿಲ್ಲನ್ನೇ ನೋಡಬೇಕು. ಬಿಲ್ಲೇ ಕೊಡದ ಕಡೆ ಮಷೀನಿನ ಚೀಟಿಯ ಫೋಟೊ ಒಂದೇ ದಾರಿ. ಚೀಟಿ ಕೈಗೆ ಬಂದ ಗಳಿಗೆಯಲ್ಲೇ ಅದರ ಫೋಟೊ ತೆಗೆಯಲು ಹೇಳುತ್ತೇನೆ. ಅಂಗಡಿಯೊಳಗೆ ನಿಂತು ತೆಗೆದರೆ ಇನ್ನೂ ಒಳ್ಳೆಯದು, ಫೋಟೊದ ಜೊತೆ ಜಾಗವೂ ಗಂಟೆಯೂ ಉಳಿಯುತ್ತವೆ.

4. ನಕ್ಷತ್ರ ಕಂಡರೆ ಅದರ ಬಲಕ್ಕೆ ನೋಡಿ

`RAZ*` ಅಥವಾ `PYU*` ಎಂದು ಶುರುವಾಗುವ ಸಾಲುಗಳು ಆನ್‌ಲೈನ್ ಪಾವತಿಯವು. ನಕ್ಷತ್ರದ ಎಡಕ್ಕಿರುವುದು ರೊಕ್ಕ ದಾಟಿಸಿದ ಕಂಪನಿ (ರೇಜರ್‌ಪೇ, ಪೇಯು), ಬಲಕ್ಕಿರುವುದು ಮಾರಿದವನು. ಜನ ಎಡಭಾಗ ಓದಿ, "ಈ ಕಂಪನಿಯಿಂದ ನಾ ಏನೂ ತಗೊಂಡಿಲ್ಲ" ಎನ್ನುತ್ತಾರೆ. ಅವರಿಂದ ಯಾರೂ ಏನೂ ತಗೊಳ್ಳುವುದಿಲ್ಲ, ಮಗನ ಕಾಲೇಜು ಫೀ, ಊರಿನ ಟ್ರಸ್ಟಿಗೆ ಕೊಟ್ಟ ದೇಣಿಗೆ ಎಲ್ಲ ಅವರ ಕೈಯಿಂದ ದಾಟಿ ಹೋಗುತ್ತದೆ. ಎಡಭಾಗವೇ ಜಾಗ ತಿನ್ನುವುದರಿಂದ ಬಲಕ್ಕಿರುವ ಹೆಸರು ಇನ್ನೂ ಮೊಂಡಾಗುತ್ತದೆ. ಇಲ್ಲಿ ಕಾಗದದ ಬಿಲ್ಲು ಹುಡುಕಬೇಡಿ, ಇಮೇಲ್ ಹುಡುಕಿ. ರೇಜರ್‌ಪೇ ಮೂಲಕ ಹೋಗಿದ್ದರೆ `pay_` ಎಂದು ಶುರುವಾಗುವ ಸಂಖ್ಯೆಯಿರುವ ಮೇಲ್ ಬಂದಿರುವುದುಂಟು. ಮನೆಯ ಹುಡುಗರ ಮೇಲ್ ವಿಳಾಸ ಕೊಟ್ಟಿದ್ದರೆ ಅವರ ಪೆಟ್ಟಿಗೆಯಲ್ಲಿ ನೋಡಿ.

ಒಂದು ಎಚ್ಚರ. ಸಾಲಿನಲ್ಲಿರುವ ಹೆಸರಿನ ಮುಂದೆ "ಕಸ್ಟಮರ್ ಕೇರ್" ಸೇರಿಸಿ ಗೂಗಲ್ಲಿನಲ್ಲಿ ಸಿಕ್ಕ ಮೊಬೈಲ್ ನಂಬರಿಗೆ ಫೋನ್ ಮಾಡಬೇಡಿ. ರೊಕ್ಕ ವಾಪಸು ಕೊಡಿಸುತ್ತೇವೆ ಎಂದು ಒಟಿಪಿ ಕೇಳುವವರು ಅಲ್ಲೇ ಕಾದಿರುತ್ತಾರೆ. ನಂಬರ್ ಬಿಲ್ಲಿನ ಮೇಲಿನದಾಗಿರಲಿ, ಇಲ್ಲವೇ ಕಾರ್ಡಿನ ಹಿಂಬದಿಯದು.

5. ಊರಿನ ಹೆಸರನ್ನೂ ಪೂರ್ತಿ ನಂಬಬೇಡಿ

ಗುರೂಜಿಯವರ ಮುಂಬೈ ಕಥೆ ಆಯಿತು. ಆನ್‌ಲೈನ್ ಖರೀದಿಗಳಲ್ಲಿ ಬೆಂಗಳೂರು, ಗುರುಗ್ರಾಮ ಎಂದು ಕಂಪನಿ ಇರುವ ಊರು ಬರುವುದೂ ಹಾಗೇ. ನಮ್ಮೂರಿಗೆ ಬೇರೆಯದೇ ತೊಡಕು. ಚಿಕ್ಕೋಡಿ ತಾಲೂಕಿನ ನಮ್ಮ ಅಂಕಲಿಯ ಹಾಗೆ ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿನಲ್ಲೂ ಒಂದು ಅಂಕಲಿ ಇದೆ, ಸಾಂಗಲಿಯಿಂದ ಕೊಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ. ಅದೂ ಕೃಷ್ಣಾ ದಂಡೆಯದೇ. `ANKALI IN` ಎಂದರೆ ಎರಡರಲ್ಲಿ ಯಾವುದೂ ಆಗಬಹುದು, ಸಾಲಿನಲ್ಲಿ ರಾಜ್ಯಕ್ಕೆ ಜಾಗವಿಲ್ಲ. ಸ್ವಂತ ಊರಿನ ಹೆಸರು ನೋಡಿ, ಊರಿನ ಅಂಗಡಿಗಳನ್ನೆಲ್ಲ ಕೇಳಿ ಬಂದ ಮೇಲೆ, ಕೊಲ್ಲಾಪುರಕ್ಕೆ ಹೋಗುವಾಗ ಆ ದಾರಿಯಲ್ಲಿ ನಾಷ್ಟಾ ಮಾಡಿದ್ದು ನೆನಪಾದವರಿದ್ದಾರೆ. ಬಿಲ್ಲಿನ 27, 29 ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

6. ಪತ್ತೆಗೆ ಒಂದು ಸಂಜೆ, ಅದಕ್ಕಿಂತ ಹೆಚ್ಚಲ್ಲ

ನೀವು ಹುಡುಕುತ್ತಿರುವಾಗ ದಿನಗಳೂ ಓಡುತ್ತಿರುತ್ತವೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದ ಪ್ರಕಾರ, ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ರೊಕ್ಕ ಹೋಗಿದ್ದರೆ, ಬ್ಯಾಂಕಿನ ಮಾಹಿತಿ ಬಂದ ದಿನ ಬಿಟ್ಟು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ಹೊಣೆಯಿಲ್ಲ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ ಒಂದು ಮಿತಿಯವರೆಗಿನ ನಷ್ಟ ನಿಮ್ಮದು, ಸಾಮಾನ್ಯ ಉಳಿತಾಯ ಖಾತೆಗೆ ಆ ಮಿತಿ 10,000. ಅದಾದ ಮೇಲೆ ಬ್ಯಾಂಕಿನ ಸ್ವಂತ ನೀತಿ. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಡಿಸೆಂಬರಿನಲ್ಲಿ ಇಂಥದೇ ಸುತ್ತೋಲೆ ಬಂತು. ನಮ್ಮ ಜಿಲ್ಲೆಯಲ್ಲಿ ಅದನ್ನು ತಿಳಿದಿರುವುದು ಒಳ್ಳೆಯದು.

ಆದ್ದರಿಂದ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಕಾರ್ಡ್ ಎಲ್ಲಿತ್ತು? ಬ್ಯಾಂಕಿಗೆ ಫೋನ್ ಮಾಡಿ, ಆ ವ್ಯವಹಾರ ಚಿಪ್ಪಿನಿಂದ ಆದದ್ದೋ, ತಾಗಿಸಿ ಆದದ್ದೋ, ಆನ್‌ಲೈನೋ ಎಂದು ಕೇಳಿದರೆ ಹೇಳುತ್ತಾರೆ. ಚಿಪ್ ಹಾಕಿ ಪಿನ್ ಒತ್ತಿ ಆಗಿದ್ದರೆ, ಕಾರ್ಡ್ ನಿಮ್ಮ ಹತ್ತಿರವೇ ಇದ್ದರೆ, ಅದು ನಿಮ್ಮದೋ ಮನೆಯವರದೋ ಖರೀದಿಯೇ ಇರುವ ಸಾಧ್ಯತೆ ಹೆಚ್ಚು, ಸಮಾಧಾನದಿಂದ ಹುಡುಕಿ. ತಾಗಿಸಿ ಆದದ್ದಾದರೆ 5,000 ರೂಪಾಯಿವರೆಗೆ ಪಿನ್ ಬೇಡ, ಮಕ್ಕಳನ್ನು ಕೇಳಿ. ಆನ್‌ಲೈನ್, ಅದೂ ವಿದೇಶಿ ನಾಣ್ಯದಲ್ಲಿ ಆಗಿದ್ದು ನೆನಪೇ ಇಲ್ಲದಿದ್ದರೆ ಪತ್ತೆಯನ್ನು ಅಲ್ಲೇ ಬಿಡಿ. ಮೊದಲು ಕಾರ್ಡ್ ಬ್ಲಾಕ್, ದೂರಿನ ನಂಬರ್, ಮೋಸ ಎಂದು ಗೊತ್ತಾದರೆ 1930ಕ್ಕೆ ಫೋನ್. ಹೆಸರು ಯಾರದ್ದು ಎಂದು ಆಮೇಲೂ ನೋಡಬಹುದು. ಮೊತ್ತ ಸಣ್ಣದಿದೆ ಎಂದು ಸುಮ್ಮನಿರಬೇಡಿ, ಕದ್ದ ಕಾರ್ಡ್ ನಡೆಯುತ್ತದೆಯೋ ಎಂದು ಮೊದಲು ಸಣ್ಣ ಮೊತ್ತದಲ್ಲೇ ನೋಡುತ್ತಾರೆ.

ಹಾಗಂತ ಗುರುತು ಸಿಗದ್ದಕ್ಕೆಲ್ಲ "ಮೋಸ" ಎಂದು ಬರೆದು ಕೊಡುವುದೂ ಸರಿಯಲ್ಲ. ಹಾಗೆ ಬರೆದ ಕೂಡಲೇ ಕಾರ್ಡ್ ರದ್ದಾಗುತ್ತದೆ, ಅದರ ಮೇಲೆ ಹಚ್ಚಿದ್ದ ತಿಂಗಳ ಕಂತುಗಳೆಲ್ಲ ನಿಲ್ಲುತ್ತವೆ. ತಾತ್ಕಾಲಿಕವಾಗಿ ಜಮಾ ಆದ ರೊಕ್ಕ, ಅಂಗಡಿಯವನು ಚೀಟಿ ತೋರಿಸಿದ ದಿನ ವಾಪಸು ಹೋಗುತ್ತದೆ. ಸಂಶಯ ಅರ್ಧಂಬರ್ಧ ಇದ್ದರೆ "ಈ ವ್ಯವಹಾರದ ವಿವರ ಮತ್ತು ಚೀಟಿಯ ಪ್ರತಿ ಬೇಕು" ಎಂದು ಬರೆದು ಕೇಳಿ. ಕೆಲವು ಬ್ಯಾಂಕುಗಳು ಅದಕ್ಕೆ ಶುಲ್ಕ ಹಾಕುತ್ತವೆ, ಕೊಡಬಹುದು. ಬ್ಯಾಂಕು 30 ದಿನವಾದರೂ ಉತ್ತರಿಸದಿದ್ದರೆ `cms.rbi.org.in` ಮೂಲಕ ಲೋಕಪಾಲರಿಗೆ ದೂರು ಕೊಡುವ ದಾರಿ ಇದೆ.

7. ಅಂಗಡಿಕಾರರಿಗೆ ಒಂದು ಮಾತು

ಈ ತಲೆನೋವಿನ ಬುಡ ಇರುವುದು ನಿಮ್ಮ ಅರ್ಜಿಯಲ್ಲಿ. ನಿಮ್ಮದೇ ಕಾರ್ಡಿನಿಂದ ನಿಮ್ಮ ಮಷೀನಿನಲ್ಲಿ ಹತ್ತು ರೂಪಾಯಿ ಉಜ್ಜಿ ನೋಡಿ. ಮರುದಿನ ಬ್ಯಾಂಕಿನ ಆ್ಯಪಿನಲ್ಲಿ ಯಾವ ಹೆಸರು, ಯಾವ ಊರು ಬಂದಿದೆ ಎಂದು ಗೊತ್ತಾಗುತ್ತದೆ. ಬೋರ್ಡಿಗೂ ಅದಕ್ಕೂ ಸಂಬಂಧವಿಲ್ಲದಿದ್ದರೆ, ಮಷೀನ್ ಕೊಟ್ಟ ಬ್ಯಾಂಕಿಗೆ ವ್ಯಾಪಾರದ ಹೆಸರು ತಿದ್ದಲು ಬರೆದು ಕೊಡಿ. ಅಂಗಡಿಯ ಪರವಾನಗಿಯಲ್ಲೋ ಜಿಎಸ್‌ಟಿಯ `Trade Name` ಜಾಗದಲ್ಲೋ ಬೋರ್ಡಿನ ಹೆಸರು ಇದ್ದರೆ ಅವರಿಗೆ ತೋರಿಸಲು ಕಾಗದ ಸಿಗುತ್ತದೆ. ಇಲ್ಲದಿದ್ದರೆ ಮೊದಲು ಅದನ್ನೇ ತಿದ್ದಿಸಿ, ಅಕೌಂಟಿನ ಹೆಸರು ಬದಲಿಸುವ ಅವಶ್ಯಕತೆಯಿಲ್ಲ. ಹೆಸರಿನ ಮುಖ್ಯ ಪದ ಮುಂದೆ ಬರಲಿ. "ಶ್ರೀ" ಮತ್ತು ಮನೆದೇವರ ಪೂರ್ತಿ ಹೆಸರು ಬೋರ್ಡಿನ ಮೇಲೆ ಇರಲಿ, 25 ಅಕ್ಷರದೊಳಗೆ ಅವೆಲ್ಲ ಕೂತರೆ ಅಂಗಡಿಗೆ ಜಾಗ ಉಳಿಯುವುದಿಲ್ಲ. ತಿದ್ದುಪಡಿ ಆಗುವವರೆಗೆ, ಬಿಲ್ಲಿನ ಕೆಳಗೆ "ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಇಂಥ ಹೆಸರು ಬರುತ್ತದೆ" ಎಂದು ಒಂದು ಸಾಲು ಅಚ್ಚು ಹಾಕಿಸಿ. ಮಿರಜದ ಆ ಸೀರೆ ಅಂಗಡಿಯವನಿಗೂ ಫೋನಿನಲ್ಲಿ ಇದನ್ನೇ ಹೇಳಿದೆ. ಹೊಸ ಬಿಲ್ ಬುಕ್ ಮಾಡಿಸುವಾಗ ನೋಡೋಣ ಎಂದಿದ್ದಾನೆ.